ಆ ಕಪ್ಪು ಜಿಡ್ಡಲ್ಲ, ರಬ್ಬರೇ

“ಕುಕ್ಕರ್ ಗ್ಯಾಸ್ಕೆಟ್‌ಗೂ ವಿಷಲ್ ಕೂರುವ ಕೊಳವೆಗೂ ಅಂಟಂಟು ಕಪ್ಪು ಹಿಡಿದಿದೆ. ಏನು ಹಾಕಿ ಉಜ್ಜಿದರೆ ಹೋಗುತ್ತದೆ?”

ಗ್ಯಾಸ್ಕೆಟ್ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ನಾನು ಉಜ್ಜಿ ಕೆಟ್ಟವಳು.

ನಮ್ಮದು ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ಮುಚ್ಚಳ ತೊಳೆದಾಗಲೆಲ್ಲ ಬೆರಳಿಗೆ ಕಾಡಿಗೆ ಹಾಗೆ ಕಪ್ಪು. ಒಗ್ಗರಣೆ ಜಿಡ್ಡು ಅಂದುಕೊಂಡೆ. ಸೋಪಿಗೆ ಬಗ್ಗಲಿಲ್ಲ ಅಂತ ಸ್ಟೀಲ್ ಸ್ಕ್ರಬ್ಬರ್ ಹಿಡಿದೆ. ಉಜ್ಜಿದಷ್ಟೂ ಕಪ್ಪು ಬಂತು, ನನಗೋ ಇನ್ನಷ್ಟು ಹುರುಪು. ಬರುತ್ತಿದ್ದದ್ದು ರಬ್ಬರೇ ಅಂತ ಹೊಳೆಯಲೇ ಇಲ್ಲ. ಬಿಸಿ, ಹಬೆ, ಎಣ್ಣೆ ಎಲ್ಲ ತಿಂದು ತಿಂದು ಹಳೇ ರಬ್ಬರಿನ ಮೈ ಮೆತ್ತಗಾಗುತ್ತದೆ. ಅದನ್ನು ಕೆರೆದರೆ ಒಳಗಿನದ್ದು ಹೊರಗೆ ಬರುತ್ತದೆ, ಅಷ್ಟೇ. ಸ್ಕ್ರಬ್ಬರ್ ಎಳೆ ಅಂಚಿನಲ್ಲಿ ಸಣ್ಣ ಸಣ್ಣ ಗೀರನ್ನೂ ಮಾಡಿತ್ತು.

ಮರುದಿನ ತೊಗರಿಬೇಳೆ ಇಟ್ಟೆ. ವಿಷಲ್ ಬರಲಿಲ್ಲ. ಹಿಡಿಕೆ ಪಕ್ಕದಿಂದ ಸುಯ್ಯ್ ಅಂತ ಹಬೆ ಹೋಗುತ್ತಿತ್ತು. ನಾನು ಆರಿಸುವುದು ಬಿಟ್ಟು ಉರಿ ಜಾಸ್ತಿ ಮಾಡಿದೆ! ಹಬೆ ಅಂದರೆ ಒಳಗಿನ ನೀರೇ ಅಲ್ವಾ? ಅದೆಲ್ಲ ಆ ಸಂದಿಯಿಂದ ಹೋಯಿತು. ಬೇಳೆ ಸೀದು, ಕುಕ್ಕರಿನ ತಳ ಉಬ್ಬಿ, ಒಲೆ ಮೇಲೆ ಅಲ್ಲಾಡತೊಡಗಿತು. ಗ್ಯಾಸ್ಕೆಟ್ ಉಳಿಸಲು ಹೋಗಿ ಕುಕ್ಕರೇ ಹೋಯಿತು.

ನೀವು ಹೀಗೆ ನೋಡಿ. ಗ್ಯಾಸ್ಕೆಟ್ ಬಿಚ್ಚಿ, ಬೆಚ್ಚಗಿನ ಸೋಪಿನ ನೀರಲ್ಲಿ ಮೆತ್ತನೆ ಸ್ಪಂಜಿನಿಂದ ತೊಳೆದು, ಒಣಗಿಸಿ, ಬಿಳಿ ಬಟ್ಟೆಯಿಂದ ತಿಕ್ಕಿ. ಬಟ್ಟೆಗೆ ಏನೂ ಹತ್ತದಿದ್ದರೆ ಇದ್ದದ್ದು ಬರೀ ಜಿಡ್ಡು, ಹೋಯಿತು. ಮತ್ತೆ ಕಪ್ಪು ಹತ್ತಿದರೆ, ಬಗ್ಗಿಸಿದಾಗ ಬಿರುಕು ಕಂಡರೆ, ಅದನ್ನು ಎಸೆಯಿರಿ. ಅಂಗಡಿಗೆ ಹಳೆಯದನ್ನು ತೆಗೆದುಕೊಂಡು ಹೋಗಿ, ಅದೇ ಕಂಪನಿಯ ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ಕೇಳಿ. ಮುಚ್ಚಳದ ಒಳ ಅಂಚಿನಲ್ಲಿ ಮೆತ್ತಿಕೊಂಡದ್ದನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದ ಮೇಲೆಯೇ ಹೊಸದು ಹಾಕಿ.

ಕೊಳವೆಯ ವಿಷಯ ಬೇರೆ. ಅದನ್ನು ಕ್ಲೀನ್ ಮಾಡಲೇಬೇಕು. ಅಲ್ಲಿರುವುದು ಬೇಳೆಯ ನೊರೆ ಒಣಗಿ ಸುಟ್ಟದ್ದು. ಮುಚ್ಚಳವನ್ನು ಅರ್ಧ ಗಂಟೆ ಬಿಸಿ ಸೋಪು ನೀರಲ್ಲಿ ನೆನೆಸಿ. ಒಳಬದಿಯಿಂದ ಪಿನ್ ತೂರಿಸಿ ಆಡಿಸಿ, ನಲ್ಲಿ ನೀರು ಬಿಡಿ. ಆಮೇಲೆ ಬೆಳಕಿಗೆ ಹಿಡಿದು ಇಣುಕಿ. ತೂತು ದುಂಡಗೆ, ಪೂರ್ತಿ ಕಾಣಬೇಕು. ಅರೆಬರೆ ಕಂಡರೆ ಆ ಕುಕ್ಕರನ್ನು ಒಲೆಗೆ ಇಡಬೇಡಿ. ವಿಷಲ್ಲನ್ನೂ ತಿರುಗಿಸಿ ಅದರ ಹೊಟ್ಟೆ ನೋಡಿ, ಅಲ್ಲೂ ಇದೇ ಕೊಳೆ ಕೂತಿರುತ್ತದೆ.

ಸೋಡಾ ಹಾಕಿ ಕುದಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮದು ಸ್ಟೀಲ್ ಆದರೆ ಪರವಾಗಿಲ್ಲ. ಅಲ್ಯೂಮಿನಿಯಂ ಆದರೆ ಬೇಡ, ಮುಚ್ಚಳವೇ ಕಪ್ಪಾಗುತ್ತದೆ. ಅದಕ್ಕೆ ಹುಣಸೆ ನೀರು ಸಾಕು. ಮತ್ತೆ, ಬೇಳೆ ಇಡುವಾಗ ನೀರು ಸೇರಿ ಅರ್ಧ ಪಾತ್ರೆ ದಾಟಿಸಬೇಡಿ. ನೊರೆ ಕೊಳವೆಗೆ ಏರುವುದೇ ಆಗ.