ವಿಜಯನಗರದಿಂದ ದೊಮ್ಮಲೂರಿಗೆ ಮೆಟ್ರೊ ಮತ್ತು ಫೀಡರ್ ಬಸ್

"9:30ಕ್ಕೆ ಕಚೇರಿಯಲ್ಲಿರಬೇಕು. ಇಂದಿರಾನಗರದಲ್ಲಿ ಇಳಿದು ಬಸ್ ಹಿಡಿಯುವುದಾದರೆ ವಿಜಯನಗರ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರಬೇಕು?"

ಲೆಕ್ಕವನ್ನು ಕಚೇರಿಯ ಬಾಗಿಲಿನಿಂದ ಹಿಂದಕ್ಕೆ ಹಾಕಿ. ಕೊನೆಯ ನಡಿಗೆಗೆ 7 ನಿಮಿಷ, ಹಂಡ್ರೆಡ್ ಫೀಟ್ ರಸ್ತೆಯ ದಟ್ಟಣೆಯಲ್ಲಿ ಬಸ್ ಪ್ರಯಾಣಕ್ಕೆ 15 ನಿಮಿಷ ಇಟ್ಟುಕೊಂಡರೆ, ನೀವು 9:08ರೊಳಗೆ ಬಸ್ ಹತ್ತಿರಬೇಕು. ಬಸ್ಸಿಗಾಗಿ ಕಾಯುವ ಸಮಯದಲ್ಲೇ ಹೆಚ್ಚಿನವರು ಎಡವುತ್ತಾರೆ: ಕಾಲು ಗಂಟೆಗೊಂದು ಬಸ್ ಇದ್ದರೆ ಸರಾಸರಿ ಏಳೆಂಟು ನಿಮಿಷ ಸಾಕೆಂದುಕೊಳ್ಳುತ್ತಾರೆ, ಆದರೆ ಕಣ್ಣೆದುರೇ ಒಂದು ಬಸ್ ಹೊರಟುಹೋದ ದಿನ ಪೂರ್ತಿ 15 ನಿಮಿಷ ಬೇಕಾಗುತ್ತದೆ. ಹಾಗಾಗಿ 8:53ಕ್ಕೆ ಬಸ್ ನಿಲ್ದಾಣದಲ್ಲಿರಿ. ಮೆಟ್ರೊದಿಂದ ಇಳಿದು, ಗೇಟ್ ದಾಟಿ ಅಲ್ಲಿಗೆ ಬರಲು 5, ನೇರಳೆ ಮಾರ್ಗದ ಪ್ರಯಾಣಕ್ಕೆ ಸುಮಾರು 30, ವಿಜಯನಗರದಲ್ಲಿ ಬ್ಯಾಗ್ ತಪಾಸಣೆ ಮತ್ತು ರೈಲಿನ ಕಾಯುವಿಕೆಗೆ 8 ನಿಮಿಷ ಕಳೆದರೆ ಉತ್ತರ 8:10. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕಿಲ್ಲ.

ಈ ಅಂಕಿಗಳು ನನ್ನ ಅಂದಾಜು; ಒಂದು ವಾರ ನೀವೇ ಗಡಿಯಾರ ನೋಡಿ ಬರೆದುಕೊಂಡು ತಿದ್ದಿಕೊಳ್ಳಿ. 9:08ಕ್ಕೂ ಬಸ್ ಕಾಣದಿದ್ದರೆ ಆಟೊ ಹಿಡಿಯಿರಿ, ಇನ್ನೆರಡು ನಿಮಿಷ ನೋಡೋಣವೆಂಬ ಆಸೆ ಬೇಡ. ಸಂಜೆ ಮಾತ್ರ ಇಷ್ಟು ಬಿಗಿ ಲೆಕ್ಕ ಬೇಕಿಲ್ಲ, ಏಕೆಂದರೆ ಬಸ್ ತಡವಾದರೂ ಮುಂದಿನ ರೈಲು ಕೆಲವೇ ನಿಮಿಷಗಳಲ್ಲಿ ಬರುತ್ತದೆ.