ಮೊದಲ ಅಸಿಸ್ಟೆಂಟ್‌ಗೆ ಸಂಬಳವೋ, ಪರ್ಸೆಂಟೇಜೋ?

ಪ್ರಶ್ನೆ: ಹಾಸನದಲ್ಲಿ ಒಬ್ಬಳೇ ಬ್ರೈಡಲ್ ಮೇಕಪ್ ಮಾಡ್ತಿದೀನಿ. ಈಗ ಒಬ್ಬ ಅಸಿಸ್ಟೆಂಟ್ ಬೇಕು. ತಿಂಗಳ ಸಂಬಳ ಕೊಡೋದಾ, ಪರ್ಸೆಂಟೇಜ್ ಕೊಡೋದಾ? ಫೋಟೋಗೆ ಅವಳ ಹೆಸರು ಹಾಕಿದ್ರೆ ನನ್ನ ಕ್ಲೈಂಟ್‌ಗಳನ್ನ ಎಳ್ಕೊಂಡು ಹೋಗಲ್ವಾ?

ಎರಡೂ ಬೇಡ. ಒಂದೊಂದು ಕೆಲಸಕ್ಕೂ ಒಂದೊಂದು ರೇಟ್ ಇಟ್ಟು, ಮಾಡಿದ ಕೆಲಸಕ್ಕೆ ದುಡ್ಡು ಕೊಡಿ. ನಾನು ಹಾಗೆ ಮಾಡದೆ ಒಳ್ಳೆ ಹುಡುಗಿಯೊಬ್ಬಳನ್ನು ಕಳೆದುಕೊಂಡೆ, ಅದೂ ಮದುವೆ ಸೀಸನ್ ಮಧ್ಯದಲ್ಲಿ.

ನಾನೂ ಹಾಸನದವಳೇ. ಬೇಲೂರು, ಸಕಲೇಶಪುರ, ಅರಸೀಕೆರೆ ಅಂತ ಒಬ್ಬಳೇ ಓಡಾಡುತ್ತಿದ್ದೆ. ಹಿಂದಿನ ಸಂಜೆ ರಿಸೆಪ್ಷನ್, ಬೆಳಗ್ಗೆ ಮುಹೂರ್ತ. ಆರೂವರೆಗೆ ಧಾರೆ ಅಂದರೆ ಮೂರು ಗಂಟೆಗೇ ಹುಡುಗಿಯನ್ನು ಕೂರಿಸಿಕೊಳ್ಳಬೇಕು, ನಿಮಗೆ ಗೊತ್ತಿರುವುದೇ. ಅಸಿಸ್ಟೆಂಟ್ ಬಂದಾಗ ಒಂದು ಹೊತ್ತಿಗೆ 1,500 ರೂಪಾಯಿ ಅಂತ ಮಾತಾಡಿದೆ. ಆ 1,500ಕ್ಕೆ ಏನೇನು ಕೆಲಸ ಅಂತ ಬಿಡಿಸಿ ಹೇಳಲಿಲ್ಲ. ಎಡವಿದ್ದು ಅಲ್ಲೇ.

ಮೊದಮೊದಲು ಬ್ರಷ್ ತೊಳೆಯುವುದು, ಲೈಟ್ ನಿಲ್ಲಿಸುವುದು, ಪಿನ್ ಕೊಡುವುದು ಇಷ್ಟೇ ಇತ್ತು. ಆಮೇಲೆ ಸೀರೆ ಪೂರ್ತಿ ಅವಳ ಕೈಗೆ ಹೋಯಿತು. ಅವಳು ಹಿಂದಿನ ರಾತ್ರಿಯೇ ಧಾರೆ ಸೀರೆಯ ನೆರಿಗೆ, ಸೆರಗು ಎರಡನ್ನೂ ಹಿಡಿದು, ಮೇಲೆ ತೆಳು ಬಟ್ಟೆ ಹಾಕಿ ಐರನ್ ಮಾಡಿ, ಕ್ಲಿಪ್ ಹಾಕಿ ಮಡಚಿಡುತ್ತಿದ್ದಳು. ಬೆಳಗ್ಗೆ ಹತ್ತು ನಿಮಿಷದಲ್ಲಿ ಉಡಿಸಿ ಮುಗಿಯುತ್ತಿತ್ತು. ಅದನ್ನು ನೋಡಿ ಹೆಣ್ಣಿನ ಅಕ್ಕ, ಚಿಕ್ಕಮ್ಮ, ಅತ್ತೆ ಎಲ್ಲ ಸಾಲಾಗಿ ಬರುತ್ತಿದ್ದರು, "ನಂಗೂ ಒಂದ್ ಉಡಿಸ್ಬಿಡಮ್ಮ" ಅಂತ. ಒಂದು ಸೀರೆಗೆ 500 ರೂಪಾಯಿ ಹಾಗೆ ನಾನು ತೆಗೆದುಕೊಳ್ಳುತ್ತಿದ್ದೆ. ಅವಳಿಗೆ ಅದೇ 1,500. ಮೊದಲು ಅವಳೇ ನಗುತ್ತಾ ಉಡಿಸುತ್ತಿದ್ದಳು, ಆಮೇಲೆ "ಅಕ್ಕನ್ನ ಕೇಳಿ" ಅಂತ ಎಲ್ಲರನ್ನೂ ನನ್ನ ಹತ್ತಿರ ಕಳಿಸತೊಡಗಿದಳು. ಆಗಲೇ ನನಗೆ ಅರ್ಥವಾಗಬೇಕಿತ್ತು. ಬಿಟ್ಟು ಹೋಗುವಾಗ ಅವಳು ದುಡ್ಡಿಗಿಂತ ಮೊದಲು ಹೇಳಿದ್ದು ಒಂದು ರೀಲ್ ಬಗ್ಗೆ. ಅದರಲ್ಲಿ ಕಾಣುವುದು ಬರೀ ಸೀರೆ ಮತ್ತು ಮೊಗ್ಗಿನ ಜಡೆ, ಎರಡೂ ಅವಳ ಕೈಕೆಲಸ, ಕೆಳಗೆ ಇದ್ದದ್ದು ನನ್ನ ಹೆಸರು ಮಾತ್ರ.

ಈಗ ಹೇಗೆ ಮಾಡುತ್ತೇನೆ ಅಂದರೆ, ಒಂದು ಮದುವೆಯ ಲೆಕ್ಕವನ್ನೇ ಹೇಳುತ್ತೇನೆ. ರಿಸೆಪ್ಷನ್, ಮುಹೂರ್ತ ಸೇರಿ ಹೆಣ್ಣಿನ ಪ್ಯಾಕೇಜ್ 18,000. ಮನೆಯವರ ಮೇಕಪ್ ನಾಲ್ಕು, ತಲಾ 2,000ದಂತೆ 8,000. ಸೀರೆ ಆರು, 3,000. ಒಟ್ಟು 29,000. ಹಾಜರಿ ಅಂತ ಅವಳಿಗೆ ಎರಡು ಹೊತ್ತಿಗೆ 3,000. ನಾಲ್ಕರಲ್ಲಿ ಎರಡು ಮೇಕಪ್ ಅವಳು ಮಾಡಿದರೆ ಅರ್ಧದಂತೆ 2,000, ಯಾಕೆಂದರೆ ಪ್ರಾಡಕ್ಟ್ ನನ್ನದು. ಸೀರೆಗೆ ಪ್ರಾಡಕ್ಟ್ ಖರ್ಚಿಲ್ಲ, ಬರೀ ಕೈಕೆಲಸ, ಅದಕ್ಕೆ 500ರಲ್ಲಿ 350, ಆರಕ್ಕೆ 2,100. ಒಟ್ಟು 7,100 ಅವಳಿಗೆ. ಹಳೇ ಲೆಕ್ಕದಲ್ಲಿ ಇದೇ ಮದುವೆಗೆ 3,000 ಕೊಟ್ಟು ಕಳಿಸುತ್ತಿದ್ದೆ! ಗಾಡಿ ಖರ್ಚು, ಊಟ ನನ್ನದೇ. ಹಿಂದಿನ ದಿನವೇ ಯಾರು ಯಾವ ಕೆಲಸ, ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆದು ಹಾಕುತ್ತೇನೆ, ಛತ್ರದಲ್ಲಿ ಸೀರೆ ಜಾಸ್ತಿ ಆದರೆ ಅಲ್ಲೇ ಸೇರಿಸುತ್ತೇನೆ. ಮದುವೆ ಮನೆಯವರು ಬ್ಯಾಲೆನ್ಸ್ ತಡ ಮಾಡಿದರೂ ಅವಳ ದುಡ್ಡು ಅವತ್ತೇ ಕೊಡುತ್ತೇನೆ. ವಸೂಲಿ ನನ್ನ ತಲೆನೋವು, ಅವಳದ್ದಲ್ಲ.

ಪ್ಯಾಕೇಜ್ ಮೇಲೆ ಪರ್ಸೆಂಟೇಜ್ ಯಾಕೆ ಬೇಡ ಅಂದರೆ, ನೀವು ನೆಂಟರಿಗೆ ಡಿಸ್ಕೌಂಟ್ ಕೊಟ್ಟರೆ ಅವಳ ದುಡ್ಡೂ ಕಡಿಮೆಯಾಗುತ್ತದೆ, ಅವಳ ಕೆಲಸವೇನೂ ಕಡಿಮೆಯಾಗಿರುವುದಿಲ್ಲ. ತಿಂಗಳ ಸಂಬಳ ಅಂದರೆ ಆಷಾಢದಲ್ಲೂ ಕೊಡಬೇಕು. ಮದುವೆಯೇ ಇಲ್ಲದ ತಿಂಗಳಲ್ಲಿ ಒಂಟಿಯಾಗಿ ಕೆಲಸ ಮಾಡುವವರ ಕೈಯಲ್ಲಿ ಅದು ಆಗುವುದಿಲ್ಲ, ಆಗ ಸಂಬಳ ನಿಲ್ಲಿಸಿದರೆ ಅವಳಿಗೆ ಅನ್ಯಾಯ. "ಕಲಿಯುತ್ತಿದ್ದಾಳೆ, ಫ್ರೀ ಬರಲಿ" ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಬಂದವಳಿಗೆ ಹಾಜರಿ ದುಡ್ಡು ಕೊಡಲೇಬೇಕು.

ಹೆಸರಿನ ವಿಷಯದಲ್ಲಿ ನಿಮ್ಮ ಭಯವೇ ತಪ್ಪು ಅನ್ನಿಸುತ್ತದೆ. ಹೆಸರು ಹಾಕದಿದ್ದರೂ ಸೀರೆ ಉಡಿಸಿಕೊಂಡವರು ಅವಳ ನಂಬರ್ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ. ನಾನು "ಮೇಕಪ್" ಅಂತ ನನ್ನ ಹೆಸರು, "ಹೇರ್, ಸೀರೆ" ಅಂತ ಅವಳ ಹೆಸರು ಹಾಕುತ್ತೇನೆ, ಫೋಟೋಗ್ರಾಫರ್‌ಗೂ ಹಾಗೇ ಬರೆದು ಕೊಡುತ್ತೇನೆ. ಹೆಣ್ಣಿನ ಮುಖಕ್ಕೆ ಅವಳು ಬರೀ ಬೇಸ್ ಹಚ್ಚಿಕೊಟ್ಟಿದ್ದರೆ "ಅಸಿಸ್ಟ್" ಅಂತಲೇ ಹಾಕುವುದು, ಅವಳ ಪೇಜಿನಲ್ಲೂ ಹಾಗೇ ಇರಬೇಕು. ಇದು ಮೊದಲೇ ಮಾತಾಡಿರಬೇಕು.

ಇನ್ನೊಂದು. ನನ್ನ ಮೂಲಕ ಬಂದ ಮದುವೆಯಲ್ಲಿ ಯಾರಾದರೂ ಮೇಕಪ್ ಕೇಳಿದರೆ ನನಗೆ ಹೇಳಬೇಕು, ಬರೀ ಸೀರೆ ಉಡಿಸಲು ಮುಂದೆ ಕರೆದರೆ ಅದು ಅವಳದ್ದು. ನಾನು ಅಡ್ವಾನ್ಸ್ ತೆಗೆದುಕೊಂಡು ಅವಳಿಗೆ ತಿಳಿಸಿದ ದಿನ ಅವಳು ಬೇರೆ ಕೆಲಸ ಹಿಡಿಯುವ ಹಾಗಿಲ್ಲ. ತಿಳಿಸದೇ ಇದ್ದರೆ ಅವಳು ಬೇರೆ ಕಡೆ ಹೋದಳು ಅಂತ ನಾನು ಮುಖ ಊದಿಸಿಕೊಳ್ಳುವ ಹಾಗಿಲ್ಲ.