ಕಾರಿನ ಗಾಜು ಮಂಜಾದಾಗ ಎಸಿ ಹಾಕಬೇಕಾ, ಹೀಟರ್ ಹಾಕಬೇಕಾ?

"ಮಳೆಯಲ್ಲಿ ನಾಲ್ಕು ಜನ ಕೂತರೆ ಮುಂದಿನ ಗಾಜು ಮಂಜಾಗುತ್ತೆ. ಆಟೋ ಮೋಡ್‌ನಲ್ಲಿ 18 ಡಿಗ್ರಿಗೆ ಇಳಿಸಿದರೂ ಹೋಗಲ್ಲ. ಏನು ಮಾಡಲಿ?"

ಮೊದಲು ಗಾಜನ್ನು ಒಳಗಡೆಯಿಂದ ಬೆರಳಲ್ಲಿ ಉಜ್ಜಿ ನೋಡಿ. ಗೆರೆ ಮೂಡಿದರೆ ಮಂಜು ಒಳಗಿದೆ. ನಿಮ್ಮದು ಬಹುಶಃ ಅದೇ. ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ ರೀಸರ್ಕ್ಯುಲೇಶನ್ ಆನ್ ಇದೆಯಾ ನೋಡಿ. ಅದು ಆನ್ ಇದ್ದರೆ ನಾಲ್ಕು ಜನರ ಉಸಿರಿನ ತೇವ ಒಳಗೇ ಸುತ್ತುತ್ತಿರುತ್ತೆ.

ಮುಂದಿನ ಡಿಫ್ರಾಸ್ಟ್ ಬಟನ್ ಒತ್ತಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಜೋರಾಗಿ, ಎಸಿ ಆನ್ ಆಗಿ, ಹೊರಗಿನ ಗಾಳಿ ತಾನಾಗೇ ಬರುತ್ತೆ. ಆಗದಿದ್ದರೆ ನೀವೇ ಮಾಡಿ. ಆಮೇಲೆ ಉಷ್ಣಾಂಶವನ್ನು 25–26ಕ್ಕೆ ಏರಿಸಿ, ಎಸಿ ಮಾತ್ರ ಆರಿಸಬೇಡಿ. ಎಸಿ ಗಾಳಿಯ ತೇವ ಹಿಂಡಿ ತೆಗೆಯುತ್ತೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತೆ. ಎರಡೂ ಒಟ್ಟಿಗೆ ಬೇಕು. ಗಾಜು ತಿಳಿಯಾದ ಮೇಲೆ ಆಟೋ, 23.

ಬೆರಳಿಗೆ ಏನೂ ಹತ್ತದೆ ವೈಪರ್‌ಗೆ ಹೋದರೆ ಮಂಜು ಹೊರಗಿದೆ. ಗಾಜು ಜಾಸ್ತಿ ತಣ್ಣಗಾಗಿದೆ ಅಂತ ಅರ್ಥ. ಆಗ ತಂಪು ಗಾಳಿಯನ್ನು ಗಾಜಿನಿಂದ ತಪ್ಪಿಸಿ, ಉಷ್ಣಾಂಶ ಏರಿಸಿ.

18 ಇಟ್ಟರೆ ಕಾರು ಬೇಗ ತಣ್ಣಗಾಗುತ್ತೆ ಅನ್ನೋದು ಸುಮ್ನೆ ನಂಬಿಕೆ. ಬಿಸಿಯೇರಿದ ಕಾರಿನಲ್ಲಿ 23 ಇಟ್ಟರೂ ಆಟೋ ಮೊದಲಿಗೆ ಪೂರ್ತಿ ಜೋರಲ್ಲೇ ಓಡುತ್ತೆ.